ನಮ್ಮ ಮಣ್ಣಿನ ಬಣ್ಣ: ಪ್ರಶ್ನೆ–ಉತ್ತರ (ಎಂಟನೇ ತರಗತಿ)

ಪ್ರಶ್ನೆ: ಕೋಲಾರ, ತುಮಕೂರಿನ ಹೊಲ ಯಾಕೆ ಕೆಂಪು?
ಉತ್ತರ: ಅಲ್ಲಿ ನೆಲದಡಿ ಗ್ರಾನೈಟ್, ನೈಸ್ ಎಂಬ ಕಲ್ಲುಗಳಿವೆ. ಆ ಕಲ್ಲಿನಲ್ಲಿರುವ ಕಬ್ಬಿಣಕ್ಕೆ ಗಾಳಿ, ನೀರು ತಾಗಿ ತುಕ್ಕು ಹಿಡಿಯುತ್ತದೆ. ಮಳೆಯಲ್ಲಿ ಬಿಟ್ಟ ಹಳೇ ಮೊಳೆ ಕೆಂಪಾಗುತ್ತದಲ್ವಾ, ಹಾಗೇ.

ಪ್ರಶ್ನೆ: ಕಪ್ಪು ಮಣ್ಣಿನಲ್ಲಿ ಕಬ್ಬಿಣ ಇಲ್ವಾ?
ಉತ್ತರ: ಇದೆ! ಒಳ್ಳೆ ಪ್ರಶ್ನೆ. ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣು ಹೆಚ್ಚಾಗಿ ಬಸಾಲ್ಟ್ ಕಲ್ಲಿನಿಂದ ಬಂದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆರಿದ ಕಲ್ಲದು. ಮಣ್ಣಿನ ನುಣುಪು ಜೇಡಿಗೆ ಕೊಳೆತ ಸೊಪ್ಪುಸದೆಯ ಅಂಶ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಟೈಟಾನಿಯಂ ಬೆರೆತ ಕಪ್ಪು ಕಬ್ಬಿಣದ ಖನಿಜವೂ ಇದೆ. ಬಣ್ಣ ಬರುವುದು ಇವುಗಳಿಂದ. ಬಣ್ಣ ನೋಡಿದರೆ ಸಾಲದು, ಒಂದು ಮುಷ್ಟಿ ಒದ್ದೆ ಎರೆ ಮಣ್ಣು ಹಿಚುಕಿ ನೋಡಿ: ಬೆರಳಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಅದೇ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ನೀರು ಹಿಡಿದಿಡುವ ಗುಣ ಜಾಸ್ತಿ. ಅದಕ್ಕೇ ಹಿಂಗಾರಿನ ಬಿಳಿಜೋಳ ಬರೀ ಆ ತೇವದಲ್ಲೇ ಬೆಳೆಯುತ್ತದೆ. ನನಗಂತೂ ಇದು ಪ್ರತಿ ಸಲವೂ ಅಚ್ಚರಿ.

ಪ್ರಶ್ನೆ: ಮಂಗಳೂರು ಕಡೆಯ ಮುರಕಲ್ಲು?
ಉತ್ತರ: ಅದೇ ಲ್ಯಾಟರೈಟ್. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ. ಸುಣ್ಣ, ಸಿಲಿಕಾ ಕೊಚ್ಚಿಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿಯುತ್ತವೆ. ಅಗೆಯುವಾಗ ಮೆದು, ಗಾಳಿಗೆ ಒಣಗಿದರೆ ಗಟ್ಟಿ. ಗೋಡೆಗೆ ಕಲ್ಲು ಕಡಿಯುವುದು ಅದರಿಂದಲೇ. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಈ ಮಣ್ಣಿನಲ್ಲಿ ಸಾರ ಕಡಿಮೆ, ಆದರೂ ಗೇರು ಚೆನ್ನಾಗಿ ಬರುತ್ತದೆ.