ವೆಂಡರ್ ಕಾರ್ಯಕ್ಷಮತೆ ಮೌಲ್ಯಮಾಪನ ವರದಿ: ಕಾರ್ಟನ್ ಬಾಕ್ಸ್ ಸರಬರಾಜು, ವೆಂಡರ್ ಕೋಡ್ 2047

ಇಂದ: ಖರೀದಿ ವಿಭಾಗ
ಗೆ: ಒಪ್ಪಂದ ನವೀಕರಣ ಸಮಿತಿ
ದಿನಾಂಕ: 12 ಮೇ 2025
ಮೌಲ್ಯಮಾಪನದ ಅವಧಿ: ಏಪ್ರಿಲ್ 2024ರಿಂದ ಮಾರ್ಚ್ 2025
ಈಗಿನ ಒಪ್ಪಂದ ಮುಗಿಯುವುದು: 30 ಜೂನ್ 2025

ಶಿಫಾರಸು

ಎರಡು ವರ್ಷದ ಪೂರ್ಣ ನವೀಕರಣ ಬೇಡ. ಜುಲೈ 1ರಿಂದ ಡಿಸೆಂಬರ್ 31ರವರೆಗೆ ಆರು ತಿಂಗಳಿಗೆ ಮಾತ್ರ, ಷರತ್ತಿನ ಮೇಲೆ ಮುಂದುವರಿಸಬಹುದು. ವೆಂಡರ್‌ಗೆ ಸಿಕ್ಕಿದ ಅಂಕ 100ಕ್ಕೆ 76.3. ನಮ್ಮ ನಿಯಮದ ಪ್ರಕಾರ 80 ಮತ್ತು ಮೇಲಿದ್ದರೆ ಪೂರ್ಣ ನವೀಕರಣ, 65ರಿಂದ 80ರ ಒಳಗಿದ್ದರೆ ಷರತ್ತಿನ ನವೀಕರಣ, ಅದಕ್ಕಿಂತ ಕಡಿಮೆಯಾದರೆ ಹೊಸ ಟೆಂಡರ್. ದರವನ್ನು ಈ ಅಂಕದಲ್ಲಿ ಸೇರಿಸಿಲ್ಲ. ಅದು ಬೇರೆ ಚರ್ಚೆ.

| ವಿಷಯ | ಗರಿಷ್ಠ ಅಂಕ | ಸಿಕ್ಕಿದ ಅಂಕ |
|---|---|---|
| ಡೆಲಿವರಿ | 40 | 33.6 |
| ಗುಣಮಟ್ಟ | 40 | 28.3 |
| ಸ್ಪಂದನೆ | 20 | 14.4 |
| ಒಟ್ಟು | 100 | 76.3 |

ಡೆಲಿವರಿ

ವರ್ಷದಲ್ಲಿ 96 ಖರೀದಿ ಆದೇಶ ಕೊಟ್ಟಿದ್ದೇವೆ. ಅದರಲ್ಲಿ 87 ಹೇಳಿದ ದಿನಕ್ಕೇ ಬಂದಿವೆ, ಅಂದರೆ 90.6 ಶೇಕಡಾ ಎಂದು ವೆಂಡರ್ ತಮ್ಮ ಪತ್ರದಲ್ಲಿ ಬರೆದಿದ್ದಾರೆ. ಲೆಕ್ಕ ಸುಳ್ಳಲ್ಲ. ಆದರೆ ಆ 87ರಲ್ಲಿ 8 ಆದೇಶಗಳಿಗೆ ಲಾರಿ ಸಮಯಕ್ಕೆ ಬಂದರೂ ಮಾಲು ಪೂರ್ತಿ ಇರಲಿಲ್ಲ. ಉಳಿದ ಬಾಕ್ಸ್‌ಗಳು ಆಮೇಲೆ ಬಂದವು. ಸಮಯಕ್ಕೆ ಮತ್ತು ಪೂರ್ತಿಯಾಗಿ ಬಂದದ್ದನ್ನು ಮಾತ್ರ ನಾವು ಎಣಿಸುತ್ತೇವೆ. ಒಪ್ಪಂದದಲ್ಲಿ ಇರುವುದೂ ಅದೇ. ಹಾಗೆ ನೋಡಿದರೆ ಸರಿಯಾಗಿ ಬಂದದ್ದು 79.

ತಡವಾದ 9 ಆದೇಶಗಳಲ್ಲಿ 2 ನಮ್ಮಿಂದಲೇ ತಡವಾದವು. ಪ್ರಿಂಟ್ ಡಿಸೈನ್ ಬದಲಾವಣೆಯನ್ನು ಡೆಲಿವರಿಗೆ ಮೂರು ದಿನ ಇರುವಾಗ ಕಳಿಸಿ, ಹಳೆಯ ದಿನಾಂಕವನ್ನೇ ಇಟ್ಟಿದ್ದೆವು. ಅದನ್ನು ವೆಂಡರ್ ತಲೆಗೆ ಕಟ್ಟುವುದು ಸರಿಯಲ್ಲ. ಅವೆರಡನ್ನು ಬಿಟ್ಟರೆ 94ಕ್ಕೆ 79, ಅಂದರೆ 84 ಶೇಕಡಾ.

ಉಳಿದ 7ರಲ್ಲಿ 5 ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೇ ಆದವು. ಆ ತಿಂಗಳುಗಳಲ್ಲಿ ನಮಗೆ ಮಾಲು ಜಾಸ್ತಿ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಆಗಸ್ಟ್‌ನಲ್ಲೇ ಮುನ್ನಂದಾಜು ಕೊಟ್ಟಿದ್ದೆವು, ಅವರು ಸಹಿ ಹಾಕಿ ವಾಪಸ್ ಕಳಿಸಿದ್ದರು. ಎರಡು ಸಲ ಪ್ಯಾಕಿಂಗ್ ಲೈನ್ ನಿಲ್ಲಿಸಬೇಕಾಯಿತು. ಒಟ್ಟು 7 ಗಂಟೆ.

ಗುಣಮಟ್ಟ

ಅಂಕ ಹೆಚ್ಚು ಹೋಗಿರುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಒಳಬರುವ ಮಾಲಿನ ತಪಾಸಣೆಯಲ್ಲಿ 104 ಲಾಟ್‌ಗಳ ಪೈಕಿ 6 ತಿರಸ್ಕಾರವಾಗಿವೆ. 98 ಪಾಸ್, 20ಕ್ಕೆ 18.8 ಅಂಕ. ತಿರಸ್ಕಾರವಾದ ಆರರಲ್ಲಿ ಒಂದರಲ್ಲಿ ಪ್ರಿಂಟ್ ಸರಿದಿತ್ತು. ಇನ್ನೊಂದರಲ್ಲಿ ಬರ್ಸ್ಟಿಂಗ್ ಸ್ಟ್ರೆಂತ್ ಚದರ ಸೆಂಟಿಮೀಟರಿಗೆ 10 ಕೆಜಿ ಇರಬೇಕಾದದ್ದು 8.6 ಬಂತು. ಇವೆರಡೂ ಒಂದೊಂದೇ ಸಲ ಆದವು, ಮತ್ತೆ ಬರಲಿಲ್ಲ.

ಉಳಿದ ನಾಲ್ಕರಲ್ಲೂ ಒಂದೇ ದೋಷ: ಬಾಕ್ಸ್‌ನ ಪಕ್ಕದ ಅಂಟು ಬಿಟ್ಟುಕೊಳ್ಳುವುದು. ಮೊದಲು ಜುಲೈನಲ್ಲಿ ಕಂಡಿತು. ಆಮೇಲೆ ಅಕ್ಟೋಬರ್, ಜನವರಿ, ಫೆಬ್ರವರಿಯಲ್ಲಿ ಮತ್ತೆ ಬಂತು. ಸರಿಪಡಿಸಿದ್ದೇವೆ ಎಂದ ದೋಷ ಮರಳಿದರೆ ಪ್ರತಿ ಸಲಕ್ಕೆ 2 ಅಂಕ ಕಡಿತ. ಆದ್ದರಿಂದ ಈ ಭಾಗದ 8ರಲ್ಲಿ ಉಳಿದದ್ದು 2.

ತಪಾಸಣೆಯಲ್ಲಿ ಸಿಗದೆ ಲೈನ್‌ವರೆಗೆ ಬಂದು ಅಲ್ಲಿ ಬೇರ್ಪಡಿಸಿದ ಬಾಕ್ಸ್‌ಗಳು 1,648. ಬಳಸಿದ್ದು 4,12,000. ಅಂದರೆ ಹತ್ತು ಲಕ್ಷಕ್ಕೆ 4,000. ಒಪ್ಪಿದ ಮಿತಿ 2,500. ಇದಕ್ಕೆ 12ರಲ್ಲಿ 7.5.

ಅಂಟಿನ ವಿಷಯದಲ್ಲಿ ವೆಂಡರ್ ಕೊಟ್ಟ ಮೂರೂ ಸರಿಪಡಿಕೆ ವರದಿಗಳಲ್ಲಿ ಮೂಲ ಕಾರಣ ಒಂದೇ: "ಆಪರೇಟರ್ ಗಮನ ಕೊಡಲಿಲ್ಲ, ತಿಳಿಹೇಳಲಾಗಿದೆ." ಮೂರು ಸಲ ತಿಳಿಹೇಳಿದ ಮೇಲೂ ಅಂಟು ಬಿಡುತ್ತದೆ ಅಂದರೆ ತಪ್ಪು ಆಪರೇಟರ್‌ದಲ್ಲ ಅಲ್ವಾ? ಮಾರ್ಚ್‌ನಲ್ಲಿ ನಮ್ಮ ಗುಣಮಟ್ಟ ತಂಡ ಅವರ ಘಟಕಕ್ಕೆ ಹೋಗಿ ನೋಡಿತು. ಹಗಲು ಪಾಳಿಯಲ್ಲಿ ಅಂಟು ಎಷ್ಟು ಗಟ್ಟಿ ಇದೆ ಎಂದು ಅಳೆದು ಬರೆದಿಡುತ್ತಾರೆ. ರಾತ್ರಿ ಪಾಳಿಯ ಪುಸ್ತಕ ಖಾಲಿ. ರಟ್ಟಿನ ತೇವಾಂಶವನ್ನು ಎರಡೂ ಪಾಳಿಯಲ್ಲಿ ಅಳೆಯುವುದಿಲ್ಲ. ತಿರಸ್ಕಾರವಾದ ನಾಲ್ಕು ಲಾಟ್‌ಗಳ ಪೈಕಿ ಮೂರು ರಾತ್ರಿ ತಯಾರಾದವು ಎಂದು ಲಾಟ್ ಚೀಟಿಯಲ್ಲೇ ಇದೆ. ಇದನ್ನು ಅವರೇ ಜುಲೈನಲ್ಲಿ ನೋಡಬಹುದಿತ್ತು.

ಗುಣಮಟ್ಟಕ್ಕೆ ಒಟ್ಟು 28.3.

ಸ್ಪಂದನೆ

ಫೋನ್ ಮಾಡಿದರೆ ಎತ್ತುತ್ತಾರೆ. ಮೇಲ್‌ಗೆ ಅದೇ ದಿನ ಉತ್ತರ ಬರುತ್ತದೆ. 23 ದೂರುಗಳಲ್ಲಿ 22ಕ್ಕೆ ಒಂದು ಕೆಲಸದ ದಿನದೊಳಗೆ ಉತ್ತರ ಸಿಕ್ಕಿದೆ. 6ಕ್ಕೆ 5.7. ಸ್ಟೋರ್ಸ್‌ನವರಿಗೆ ಈ ವೆಂಡರ್ ಅಂದರೆ ಇಷ್ಟ. ಕಾರಣವಿಲ್ಲದೆ ಅಲ್ಲ.

ಆದರೆ ಉತ್ತರ ಬೇರೆ, ಪರಿಹಾರ ಬೇರೆ. 9 ಸಲ ಲಿಖಿತ ಸರಿಪಡಿಕೆ ವರದಿ ಕೇಳಿದ್ದೆವು. ಹತ್ತು ಕೆಲಸದ ದಿನದೊಳಗೆ ಬಂದದ್ದು 4. ಮಿಕ್ಕವಕ್ಕೆ ಎರಡು ಮೂರು ಸಲ ನೆನಪಿಸಬೇಕಾಯಿತು. ಇದರಲ್ಲಿ 8ಕ್ಕೆ 3.6. ಬಿಲ್ ಮತ್ತು ಡೆಬಿಟ್ ನೋಟ್ ಕೆಲಸದಲ್ಲಿ ತೊಂದರೆ ಕಡಿಮೆ, 3ಕ್ಕೆ 2.5. ವಿಭಾಗಗಳು ಸಹಕಾರಕ್ಕೆ ಕೊಟ್ಟದ್ದು 3ಕ್ಕೆ 2.6.

ವೆಂಡರ್ ಹೇಳಿದ್ದು

ಏಪ್ರಿಲ್ ಕೊನೆಯ ಸಭೆಯಲ್ಲಿ ಅಂಕಗಳನ್ನು ಅವರ ಮುಂದೆ ಇಟ್ಟೆವು. ಮಾಲು ಕಡಿಮೆ ಬಂದ ಆದೇಶಗಳ ಲೆಕ್ಕವನ್ನು ಒಪ್ಪಿದರು. ವರ್ಷದ ಕೊನೆಯ ತಿಂಗಳುಗಳಲ್ಲಿ ಕಾಗದ ಸಿಗುವುದು ಕಷ್ಟವಾಗಿತ್ತು ಎಂದರು. ಇರಬಹುದು. ಆದರೆ ಆಗ ನಮಗೆ ಮುಂಚಿತವಾಗಿ ತಿಳಿಸಿದ ಒಂದು ಮೇಲ್ ಕೂಡ ಕಡತದಲ್ಲಿ ಇಲ್ಲ. ರಾತ್ರಿ ಪಾಳಿಯ ಅಳತೆ ಶುರು ಮಾಡಲು ಒಪ್ಪಿದ್ದಾರೆ.

ಪೂರ್ತಿ ಬಿಡುವುದು ಯಾಕೆ ಬೇಡ

ಪ್ಯಾಕಿಂಗ್ ವಿಭಾಗದ ಅಭಿಪ್ರಾಯ ಈ ಒಪ್ಪಂದವನ್ನು ಜೂನ್‌ಗೇ ಮುಗಿಸಿ ಎಂಬುದು. ಲೈನ್ ನಿಂತಾಗ ಬೈಗುಳ ತಿನ್ನುವವರು ಅವರೇ, ಸಿಟ್ಟು ಸಹಜ. ಆದರೂ ಹೊಸ ವೆಂಡರ್‌ನ ಸ್ಯಾಂಪಲ್, ಲ್ಯಾಬ್ ಪರೀಕ್ಷೆ, ಟ್ರಯಲ್ ಲಾಟ್ ಎಲ್ಲ ಸೇರಿ ಸುಮಾರು ಹತ್ತು ವಾರ ಬೇಕು. ಇವತ್ತು ಶುರು ಮಾಡಿದರೂ ಜುಲೈ ಕೊನೆಗೆ ಹೋಗುತ್ತದೆ. ಅಷ್ಟರಲ್ಲಿ ಜೂನ್ 30 ಮುಗಿದು, ಯಾರ ಜೊತೆಯೂ ಒಪ್ಪಂದ ಇಲ್ಲದ ಸ್ಥಿತಿ ಬರುತ್ತದೆ. ಡೆಲಿವರಿಯಲ್ಲಿ ಈ ವೆಂಡರ್ ಹೇಳಿಕೊಳ್ಳುವಷ್ಟು ಚೆನ್ನಾಗಿಲ್ಲ, ಆದರೆ ಕೆಟ್ಟದಾಗಿಯೂ ಇಲ್ಲ. ಅಂಟಿನ ದೋಷ ಸರಿಹೋದರೆ ಅಂಕ 80 ದಾಟುವುದು ಕಷ್ಟವಲ್ಲ.

ಷರತ್ತುಗಳು

ಪ್ರತಿ ಪಾಳಿಯಲ್ಲೂ ಅಂಟಿನ ಗಟ್ಟಿತನ ಮತ್ತು ರಟ್ಟಿನ ತೇವಾಂಶ ಅಳೆದ ದಾಖಲೆಯನ್ನು ಪ್ರತಿ ಲಾಟ್‌ನೊಂದಿಗೆ ಕಳಿಸಬೇಕು. ದಾಖಲೆ ಇಲ್ಲದ ಲಾಟ್‌ಗೆ ಗೇಟ್‌ನಲ್ಲೇ ತಡೆ. ಆರು ತಿಂಗಳಲ್ಲಿ ಅಂಟಿನ ದೋಷಕ್ಕೆ ಇನ್ನೊಂದು ಲಾಟ್ ತಿರಸ್ಕಾರವಾದರೂ ಡಿಸೆಂಬರ್ ನಂತರ ನವೀಕರಣ ಇಲ್ಲ.

ಸರಿಪಡಿಕೆ ವರದಿ ಹತ್ತು ಕೆಲಸದ ದಿನದೊಳಗೆ ಬರಬೇಕು. ಮೂಲ ಕಾರಣದ ಜಾಗದಲ್ಲಿ ಸುಮ್ನೆ "ತಿಳಿಹೇಳಲಾಗಿದೆ" ಎಂದಿದ್ದರೆ ವಾಪಸ್ ಕಳಿಸುತ್ತೇವೆ, ದಿನಗಳ ಎಣಿಕೆ ನಿಲ್ಲುವುದಿಲ್ಲ.

ಮಾಲು ಕಡಿಮೆ ಬಂದರೆ ಅದನ್ನೂ ತಡ ಎಂದೇ ಪರಿಗಣಿಸಿ, ಒಪ್ಪಂದದಲ್ಲಿರುವ ದಂಡ ಹಾಕಲಾಗುತ್ತದೆ.

ನಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ಪ್ರಿಂಟ್ ಡಿಸೈನ್ ಬದಲಾವಣೆ ಡೆಲಿವರಿಗೆ ಹತ್ತು ದಿನ ಮೊದಲೇ ಹೋಗಬೇಕು. ತಡವಾಗಿ ಕಳಿಸಿದರೆ ದಿನಾಂಕವೂ ಬದಲಾಗಬೇಕು.

ಸಮಿತಿಯಿಂದ ಬೇಕಾದ ಒಪ್ಪಿಗೆ

ಆರು ತಿಂಗಳ ನವೀಕರಣದ ಜೊತೆಗೆ ಎರಡನೇ ವೆಂಡರ್ ಹುಡುಕಾಟವನ್ನು ಈ ವಾರವೇ ಶುರು ಮಾಡಲು ಒಪ್ಪಿಗೆ ಬೇಕು. ಟ್ರಯಲ್ ಪಾಸಾದರೆ ಅಕ್ಟೋಬರ್‌ಗೆ ಮೊದಲೇ 30 ಶೇಕಡಾ ಆದೇಶ ಅಲ್ಲಿಗೆ ಹೋಗುತ್ತದೆ. ಪ್ರಿಂಟ್ ಬ್ಲಾಕ್‌ಗಳಿಗೆ ದುಡ್ಡು ಕೊಟ್ಟವರು ನಾವೇ ಆದರೂ ಅವು ಈಗ ವೆಂಡರ್ ಹತ್ತಿರವೇ ಇವೆ. ಹೊಸ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅವು ನಮ್ಮ ಆಸ್ತಿ, ಕೇಳಿದ ದಿನ ಕೊಡಬೇಕು ಎಂದು ಬರೆಸಿಕೊಳ್ಳಬೇಕು. ಸಹಿ ಆದ ಮೇಲೆ ಈ ಮಾತು ಎತ್ತಿದರೆ ಬರೆಸಿಕೊಳ್ಳುವುದು ಕಷ್ಟ.