ಫಾಕ್ಸ್‌ಪ್ರೊದಿಂದ ಪೋಸ್ಟ್‌ಗ್ರೆಸ್‌ಗೆ: ಪತ್ತಿನ ಸಹಕಾರಿ ಸಂಘವೊಂದರ ರಿಸ್ಕ್ ರಿಜಿಸ್ಟರ್

ಪ್ರಕರಣ. ಧಾರವಾಡ ಸೀಮೆಯ ಪತ್ತಿನ ಸಹಕಾರಿ ಸಂಘ. 14 ಶಾಖೆ, 38,000 ಸದಸ್ಯರು. ಲೆಕ್ಕವೆಲ್ಲ ವಿಷುಯಲ್ ಫಾಕ್ಸ್‌ಪ್ರೊದಲ್ಲಿದೆ. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2015ರಲ್ಲೇ ಮುಗಿದಿದೆ. ಸದಸ್ಯರ ಹೆಸರು, ವಿಳಾಸ ನುಡಿಯ ಹಳೆಯ ಫಾಂಟ್ ಸಂಕೇತದಲ್ಲಿವೆ. ಹೊಸ ವ್ಯವಸ್ಥೆ ವೆಬ್ ಆಧಾರಿತ, ಡೇಟಾಬೇಸ್ ಪೋಸ್ಟ್‌ಗ್ರೆಸ್.

ಸಾಧ್ಯತೆಗೆ ಅಂಕ. ಒಂದು ಶಾಖೆಯ ಪೂರ್ವಾಭ್ಯಾಸದಲ್ಲಿ ಕಣ್ಣಾರೆ ಕಂಡದ್ದಕ್ಕೆ 5. ಬೇರೆಡೆ ಆಗಿದ್ದು, ನಮ್ಮಲ್ಲಿ ತಡೆ ಅರೆಬರೆ ಇದ್ದರೆ 3. ಪೂರ್ವಾಭ್ಯಾಸದಲ್ಲಿ ಕಾಣದೆ, ತಡೆಯೂ ಇದ್ದರೆ 1. ನಡುವಿನವಕ್ಕೆ 2, 4. ಸಭೆಯಲ್ಲಿ ಯಾರಿಗೋ ಹಾಗನ್ನಿಸಿತು ಎಂಬುದಕ್ಕೆ ಅಂಕವಿಲ್ಲ. ಪ್ರತಿ ಅಂಕದ ಹಿಂದೆ ತೋರಿಸಬಲ್ಲ ಪುರಾವೆ ಇರಬೇಕು.

ಪರಿಣಾಮಕ್ಕೆ ಅಂಕ. ಸದಸ್ಯರ ಬಾಕಿ ಒಂದು ಪೈಸೆ ತಪ್ಪಿದರೂ, ಎಲ್ಲ ಶಾಖೆಗಳಲ್ಲಿ ಪಾವತಿ ನಿಂತರೂ 5. ಕೆಲವು ಶಾಖೆಗಳಲ್ಲಿ ಪಾವತಿ ನಿಂತರೆ ಅಥವಾ ದಾಖಲೆಯಲ್ಲಿ ಹೆಸರು ಕೆಟ್ಟರೆ 4. ಡೇ-ಎಂಡ್ ತಡವಾದರೆ 3. ಸಿಬ್ಬಂದಿಗೆ ಮಾತ್ರ ತೊಂದರೆಯಾದರೆ 2. ಯಾರಿಗೂ ತಟ್ಟದಿದ್ದರೆ 1.

ಮಟ್ಟ = ಸಾಧ್ಯತೆ × ಪರಿಣಾಮ. 15 ಮತ್ತು ಮೇಲ್ಪಟ್ಟದ್ದು ಕೆಂಪು, 8ರಿಂದ 14 ಹಳದಿ, ಉಳಿದದ್ದು ಹಸಿರು.

| ಸಂ. | ರಿಸ್ಕ್ | ಈಗ | ಕ್ರಮ | ಕ್ರಮದ ನಂತರ | ಹೊಣೆ |
|---|---|---|---|---|---|
| R-01 | ಯೂನಿಕೋಡ್‌ಗೆ ತರುವಾಗ ಹೆಸರು ಕೆಡಬಹುದು | 5×4=20 | ಕಾಲಂವಾರು ಪರಿವರ್ತನೆ, ಶಾಖೆಯಲ್ಲಿ ತಾಳೆ | 2×4=8 | ಡೇಟಾ ತಂಡ |
| R-02 | 14 ಶಾಖೆಗಳೂ ಒಂದೇ ಸಲ ಬಂದರೆ ಸೋಮವಾರ ಸರ್ವರ್ ಕುಸಿಯಬಹುದು | 3×5=15 | ಮೊದಲು 2 ಶಾಖೆ, ನಂತರ 12; ಲೋಡ್ ಪರೀಕ್ಷೆ | 2×4=8 | ಯೋಜನಾ ವ್ಯವಸ್ಥಾಪಕರು |
| R-03 | ಪಿಗ್ಮಿ ಯಂತ್ರದ ಫೈಲನ್ನು ಹೊಸ ವ್ಯವಸ್ಥೆ ಓದದಿರಬಹುದು | 4×3=12 | ಪ್ರತಿ ಮಾದರಿಯ ಯಂತ್ರದಿಂದ ನಿಜವಾದ ಫೈಲ್ ತಂದು ಪರೀಕ್ಷೆ | 2×3=6 | ಠೇವಣಿ ವಿಭಾಗ |
| R-04 | ಬಡ್ಡಿ ಲೆಕ್ಕದ ರೌಂಡಿಂಗ್ ಬದಲಾಗಿ ಬಾಕಿ ತಪ್ಪಬಹುದು | 2×5=10 | ಮೊತ್ತವೆಲ್ಲ `numeric`; ಹಳೆ-ಹೊಸ ಬಡ್ಡಿ ತಾಳೆ | 1×5=5 | ಲೆಕ್ಕಾಧಿಕಾರಿ |
| R-05 | ಹಳೆಯ ಕೋಡ್ ಬಲ್ಲವರು ಒಬ್ಬರೇ; ಅವರು ಸಿಗದಿದ್ದರೆ ಕೆಲಸ ನಿಲ್ಲಬಹುದು | 3×3=9 | ಬಡ್ಡಿ, ದಂಡದ ನಿಯಮಗಳನ್ನು ಈಗಲೇ ಬರೆಸುವುದು | 3×2=6 | ಯೋಜನಾ ವ್ಯವಸ್ಥಾಪಕರು |
| R-06 | ಹಿಂದಕ್ಕೆ ಹೋಗಬೇಕಾದಾಗ ಬ್ಯಾಕಪ್ ತೆರೆಯದಿರಬಹುದು | 1×5=5 | ಎರಡು ಪ್ರತಿ, ಬೇರೆ ಯಂತ್ರದಲ್ಲಿ ರೀಸ್ಟೋರ್ | 1×5=5 | ಸಿಸ್ಟಂ ನಿರ್ವಾಹಕರು |

R-01 ಯಾಕೆ 20? ಪೂರ್ವಾಭ್ಯಾಸದಲ್ಲಿ 2,100 ಹೆಸರುಗಳ ಪೈಕಿ 312 ಕೆಟ್ಟವು. ಹಳೆಯ ಕಡತದಲ್ಲಿ ‘ಕನ್ನಡ’ ಎಂಬುದು `PÀ£ÀßqÀ` ಎಂದು ಕೂತಿರುತ್ತದೆ. ನುಡಿ ಫಾಂಟ್ ಹಾಕಿದಾಗಷ್ಟೇ ಕನ್ನಡವಾಗಿ ಕಾಣುತ್ತದೆ. ‘ಧರ್ಮ’ದ ಅರ್ಕಾವತ್ತು `zsÀªÀÄð` ಎಂದು ಕೊನೆಯಲ್ಲಿದ್ದರೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಧರ್ಮಣ್ಣ, ಪಾರ್ವತಿ, ಕರ್ಜಗಿ ಇಂಥವೇ ಎಡವಿದವು. ಕೆಲವು ಹೆಸರುಗಳ ಬಾಲ ಫೀಲ್ಡ್ ಅಗಲ ಸಾಲದೆ ಹಳೆಯ ಕಡತದಲ್ಲೇ ತುಂಡಾಗಿದೆ. ಅವನ್ನು ಯಾವ ಪ್ರೋಗ್ರಾಮೂ ಸರಿಪಡಿಸದು, ಸದಸ್ಯರ ಅರ್ಜಿ ತೆಗೆದೇ ನೋಡಬೇಕು. ಇದಕ್ಕಿಂತ ಗುಪ್ತವಾದ ತೊಂದರೆ ಷರಾ ಕಾಲಂನದು: ನಿಜವಾಗಿಯೂ ಇಂಗ್ಲಿಷಿನಲ್ಲಿ ಬರೆದ PAN, SB ಕೂಡ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಆದ್ದರಿಂದ ಇಡೀ ಟೇಬಲನ್ನು ಒಟ್ಟಿಗೆ ಪರಿವರ್ತಿಸುವುದನ್ನು ಕೈಬಿಡಲಾಗಿದೆ. ಪರಿವರ್ತನೆಯ ನಂತರ ಉಳಿದ ಕಸ ಹುಡುಕಲು:

```sql
SELECT member_id, name_kn FROM members
WHERE name_kn ~ '[À-ÿ]';
```

ಇದು ಸೊನ್ನೆ ಸಾಲು ಕೊಟ್ಟರೂ ಸಾಲದು. ತಪ್ಪಾಗಿ ಜೋಡಿಸಿದ ಅಕ್ಷರವೂ ಶುದ್ಧ ಯೂನಿಕೋಡೇ ಆಗಿರುತ್ತದೆ. ಅದನ್ನು ಹಿಡಿಯಬಲ್ಲವರು ಸದಸ್ಯರನ್ನು ಹೆಸರು ಹಿಡಿದು ಕರೆಯುವ ಶಾಖೆಯ ಗುಮಾಸ್ತರು ಮಾತ್ರ. ಪಟ್ಟಿಯನ್ನು ಅವರೇ ಓದಿ ಸಹಿ ಹಾಕಬೇಕು.

R-02. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಹೋಯಿತು. ಡೇಟಾ ಸರಿಯಾಗಿಯೇ ಸಾಗಿತ್ತು, ಕೈಕೊಟ್ಟಿದ್ದು ವೇದಿಕೆ. ಪರಿಸ್ಥಿತಿ ಸಹಜವಾಗಲು ಡಿಸೆಂಬರ್ ಬಂತು; 2022ರಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ಡೇಟಾ ತಾಳೆಯಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬ ಕಾರಣಕ್ಕೇ R-01, R-02 ಬೇರೆ ಬೇರೆ ಸಾಲಿನಲ್ಲಿವೆ. ಎರಡು ಶಾಖೆ ಆಗಸ್ಟ್ 8–9, 2026ರಂದು. ಉಳಿದ ಹನ್ನೆರಡು, ಸೆಪ್ಟೆಂಬರ್ ತ್ರೈಮಾಸಿಕದ ಬಡ್ಡಿ ಜಮೆಯಾದ ಮೇಲೆ ಅಕ್ಟೋಬರ್ 10–11ರಂದು.

R-04. ಪೋಸ್ಟ್‌ಗ್ರೆಸ್‌ನಲ್ಲಿ `round()`ಗೆ `numeric` ಕೊಟ್ಟರೆ 2.5 ಎಂಬುದು 3 ಆಗುತ್ತದೆ, `double precision` ಕೊಟ್ಟರೆ ಸಾಮಾನ್ಯವಾಗಿ 2. ಬಡ್ಡಿಯಲ್ಲಿ ಈ ವ್ಯತ್ಯಾಸ ಸಲ್ಲದು.

R-06 ಹಸಿರಾದರೂ ಹಸಿರಲ್ಲ. ಗುಣಾಕಾರದಲ್ಲಿ 5 ಬಂದರೂ, ಬ್ಯಾಕಪ್ ತೆರೆಯದ ದಿನ ಸಂಘಕ್ಕೆ ಲೆಕ್ಕವೇ ಇರುವುದಿಲ್ಲ. ಪರಿಣಾಮ 5 ಇರುವ ಪ್ರತಿ ರಿಸ್ಕೂ, ಮಟ್ಟ ಎಷ್ಟೇ ಇರಲಿ, ಆಡಳಿತ ಮಂಡಳಿಯ ಮುಂದೆ ಹೋಗಬೇಕು.

ನಿಲ್ಲಿಸುವ ಗಡುವು. ಭಾನುವಾರ ಸಂಜೆ 4ಕ್ಕೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ, ಅಥವಾ ಹೆಸರಿನ ಪಟ್ಟಿಗೆ ಎರಡೂ ಶಾಖೆಗಳ ಸಹಿ ಬಾರದಿದ್ದರೆ, ಸೋಮವಾರ ಹಳೆಯ ವ್ಯವಸ್ಥೆಯಲ್ಲೇ ಬಾಗಿಲು ತೆರೆಯುವುದು. ಈ ತೀರ್ಮಾನ ಲೆಕ್ಕಾಧಿಕಾರಿಯದು. ಅಂಕಗಳ ಮುಂದಿನ ಪರಿಶೀಲನೆ ಎರಡನೇ ಪೂರ್ವಾಭ್ಯಾಸದ ಮರುದಿನ.