ಜಪಾನೀಸ್ ಹತ್ತನೇ ಪಾಠ: ಒಂದೇ 'ಇದೆ'ಗೆ ಎರಡು ಮಾತು, ಒಂದೇ 'ಅಲ್ಲಿ'ಗೆ ಎರಡು ಪ್ರತ್ಯಯ

ಶನಿವಾರದ ಬ್ಯಾಚಿನ ಎಲ್ಲರಿಗೂ,

ಹನ್ನೊಂದು ಜನರ ಹೋಂವರ್ಕ್ ನೋಡಿದೆ. ಒಂದೇ ನಾಲ್ಕೈದು ತಪ್ಪು ಎಲ್ಲರ ಪುಸ್ತಕದಲ್ಲೂ ಇವೆ. ಇವು ಓದದೇ ಆದ ತಪ್ಪುಗಳಲ್ಲ, ಕನ್ನಡದಲ್ಲಿ ಯೋಚಿಸಿ ಬರೆದಾಗ ಆಗುವಂಥವು. ಹಾಗಾಗಿ ಈ ಪಾಠವನ್ನು ಕನ್ನಡ ಪಕ್ಕದಲ್ಲಿಟ್ಟುಕೊಂಡೇ ಇನ್ನೊಮ್ಮೆ ಬರೆಯುತ್ತಿದ್ದೇನೆ. ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ನೀವು ನೋಟ್ಸಿಗೆ ಇಳಿಸುವಾಗ ಹಿರಗಾನದಲ್ಲೇ ಬರೆಯಿರಿ.

ಮೊದಲು ಸುಲಭದ್ದು. 'ಮೇಜಿನ ಮೇಲೆ ಪುಸ್ತಕ ಇದೆ' ಅನ್ನಲು ಜಪಾನೀಸಿನಲ್ಲಿ 'ತ್ಸುಕುಎ ನೊ ಉಎ ನಿ ಹೊನ್ ಗ ಅರಿಮಸ್'. ಮೇಜು ತ್ಸುಕುಎ, ಅದರ 'ಇನ' ಅಂದರೆ ನೊ, ಮೇಲೆ ಅಂದರೆ ಉಎ, ಪುಸ್ತಕ ಹೊನ್, ಇದೆ ಅಂದರೆ ಅರಿಮಸ್. ಪದಗಳ ಸಾಲು ನಮ್ಮದೇ, ಒಂಚೂರೂ ಕದಲಿಸಬೇಕಿಲ್ಲ. ಆದರೆ ನಡುವೆ ಒಂದು 'ನಿ' ಇದೆ ನೋಡಿ, ಅದನ್ನು ಏಳು ಜನ ಬಿಟ್ಟಿದ್ದೀರಿ. ಯಾಕೆ ಅಂದರೆ ಕನ್ನಡದಲ್ಲಿ 'ಮೇಲೆ' ಅಂದಮೇಲೆ ಮುಗೀತು, ಅದಕ್ಕೆ ಇನ್ನೇನೂ ಸೇರಿಸುವುದಿಲ್ಲ. ಜಪಾನೀಸಿಗೆ ಉಎ ಅನ್ನುವುದು ಒಂದು ಜಾಗದ ಹೆಸರು ಅಷ್ಟೇ, 'ಮೇಲ್ಭಾಗ' ಇದ್ದ ಹಾಗೆ. 'ಮೇಲ್ಭಾಗ ಪುಸ್ತಕ ಇದೆ' ಅನ್ನಲ್ಲ ಅಲ್ವಾ, 'ಮೇಲ್ಭಾಗದಲ್ಲಿ' ಅನ್ನುತ್ತೇವೆ. ಆ 'ಅಲ್ಲಿ'ಯೇ ನಿ. ಶಿತ (ಕೆಳಗೆ), ನಕ (ಒಳಗೆ), ಮಎ (ಮುಂದೆ), ಉಶಿರೊ (ಹಿಂದೆ) ಎಲ್ಲಕ್ಕೂ ಇದೇ ಲೆಕ್ಕ.

ಈಗ ಅರಿಮಸ್, ಇಮಸ್. ವಸ್ತುವಿಗೆ ಅರಿಮಸ್, ಜೀವ ಇದ್ದು ತಾನಾಗಿಯೇ ಓಡಾಡುವುದಕ್ಕೆ ಇಮಸ್. ನಮ್ಮಲ್ಲಿ ಇದ್ದಾನೆ, ಇದ್ದಾಳೆ, ಇದ್ದಾರೆ, ಇದೆ ಅಂತ ಇರುವುದರಿಂದ ಇದು ಬೇಗ ಅರ್ಥವಾಗುತ್ತದೆ, ಮನುಷ್ಯರ ವಿಷಯದಲ್ಲಿ ಒಬ್ಬರೂ ತಪ್ಪು ಮಾಡಿಲ್ಲ. ತಪ್ಪಿರುವುದು ನಾಯಿಯಲ್ಲಿ. 'ಅಂಗಳದಲ್ಲಿ ನಾಯಿ ಇದೆ' ಅನ್ನುವುದು ನಮ್ಮ ಮಾತು, ಆ 'ಇದೆ' ನೋಡಿದ ತಕ್ಷಣ ಕೈ ಅರಿಮಸ್ ಬರೆಯುತ್ತದೆ. ಕನ್ನಡ ಗೆರೆ ಎಳೆಯುವುದು ಮನುಷ್ಯರು ಮತ್ತು ಉಳಿದದ್ದರ ನಡುವೆ. ಜಪಾನೀಸ್ ಎಳೆಯುವುದು ಓಡಾಡುವುದು ಮತ್ತು ಓಡಾಡದ್ದರ ನಡುವೆ. ಹಾಗಾಗಿ 'ನಿವ ನಿ ಇನು ಗ ಇಮಸ್', ಅದೇ ಅಂಗಳದ ಮರಕ್ಕೆ 'ನಿವ ನಿ ಕಿ ಗ ಅರಿಮಸ್'. ಮರಕ್ಕೂ ಜೀವ ಇದೆಯಲ್ಲ ಅಂತ ಒಬ್ಬರು ಬದಿಯಲ್ಲಿ ಬರೆದಿದ್ದೀರಿ, ಒಳ್ಳೆಯ ಪ್ರಶ್ನೆ, ಆದರೆ ಮರ ಎದ್ದು ನಡೆಯುವುದಿಲ್ಲ. ತೊಟ್ಟಿಯಲ್ಲಿ ಈಜುವ ಮೀನು ಇಮಸ್, ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಮೀನು ಅರಿಮಸ್. ಡ್ರೈವರ್ ಸಮೇತ ಕಾಯುತ್ತಿರುವ ಟ್ಯಾಕ್ಸಿಗೆ ಜಪಾನಿನವರು ಇಮಸ್ ಅನ್ನುವುದನ್ನೂ ಮುಂದೆ ಕೇಳುತ್ತೀರಿ, ಆಗ ಗಾಬರಿಯಾಗಬೇಡಿ.

ಇದಕ್ಕಿಂತ ಜಾಸ್ತಿ ಕಾಡುವುದು 'ಇಲ್ಲ'. ಮೇಷ್ಟ್ರು ಇಲ್ಲ, ನಾಯಿ ಇಲ್ಲ, ದುಡ್ಡು ಇಲ್ಲ, ಎಲ್ಲಕ್ಕೂ ನಮಗೆ ಒಂದೇ ಪದ. ಇದ್ದಾರೆ ಅನ್ನುವಾಗ ಸರಿಯಾಗಿ ಇಮಸ್ ಬರೆದವರೇ ಇಲ್ಲ ಅನ್ನುವಾಗ 'ಸೆನ್ಸೇ ವ ಅರಿಮಸೆನ್' ಬರೆದಿದ್ದೀರಿ. ಸೆನ್ಸೇ ವ ಇಮಸೆನ್ ಆಗಬೇಕು. 'ಇಲ್ಲ' ಬರೆಯುವ ಮೊದಲು ಅದನ್ನು ಮನಸ್ಸಿನಲ್ಲೇ 'ಇದೆ' ಮಾಡಿ, ಅರಿಮಸ್ಸೋ ಇಮಸ್ಸೋ ತೀರ್ಮಾನಿಸಿ, ಆಮೇಲೆ ಅದನ್ನೇ ಇಲ್ಲ ಮಾಡಿ.

ಇಲ್ಲಿ ಕನ್ನಡದವರಿಗೆ ಒಂದು ಲಾಭವೂ ಇದೆ, ನನಗೆ ಇದನ್ನು ಹೇಳಿಕೊಡುವುದೇ ಖುಷಿ. ಯಾರು ಅಂದರೆ ದರೆ, ಯಾರೂ ಇಲ್ಲ ಅಂದರೆ 'ದರೆ ಮೊ ಇಮಸೆನ್'. ಏನು ಅಂದರೆ ನನಿ, ಏನೂ ಇಲ್ಲ ಅಂದರೆ 'ನನಿ ಮೊ ಅರಿಮಸೆನ್'. ನಮ್ಮ ಕೊನೆಯ 'ಊ' ಏನು ಮಾಡುತ್ತದೋ ಅವರ 'ಮೊ' ಅದನ್ನೇ ಮಾಡುತ್ತದೆ. 'ನಾನೂ' ಕೂಡ 'ವತಶಿ ಮೊ'. ಆದರೆ ಯಾರಿದ್ದಾರೆ ಅಂತ ಕೇಳುವಾಗ 'ದರೆ ವ' ಬೇಡ, 'ದರೆ ಗ ಇಮಸ್ ಕ' ಅನ್ನಿ. ಪ್ರಶ್ನೆಯ ಪದದ ಬೆನ್ನಿಗೆ ವ ಬರುವುದಿಲ್ಲ.

ಇನ್ನು ಎಲ್ಲರೂ ಎಡವಿರುವ ಜಾಗ, ನಿ ಮತ್ತು ದೆ. ಮನೆಯಲ್ಲಿ ಇದ್ದೇನೆ, ಮನೆಯಲ್ಲಿ ಊಟ ಮಾಡುತ್ತೇನೆ, ಎರಡರಲ್ಲೂ ನಮಗೆ 'ಮನೆಯಲ್ಲಿ'ಯೇ. ಜಪಾನೀಸಿನಲ್ಲಿ ಮೊದಲನೆಯದು 'ಉಚಿ ನಿ ಇಮಸ್', ಎರಡನೆಯದು 'ಉಚಿ ದೆ ಗೊಹನ್ ಒ ತಬೆಮಸ್'. ಜಾಗ ನೋಡಿ ಆರಿಸಲು ಹೋದರೆ ಯಾವತ್ತೂ ಗೊತ್ತಾಗುವುದಿಲ್ಲ, ಮನೆ ಎರಡರಲ್ಲೂ ಮನೆಯೇ. ವಾಕ್ಯದ ಕೊನೆಗೆ ಹೋಗಿ ಕ್ರಿಯಾಪದ ನೋಡಿ. ಸುಮ್ನೆ ಇರುವುದಾದರೆ ನಿ, ಅಲ್ಲಿ ಏನಾದರೂ ಕೆಲಸ ನಡೆದರೆ ದೆ. ತಿನ್ನುವುದು, ಓದುವುದು, ಕೊಳ್ಳುವುದು, ಆಡುವುದು ಎಲ್ಲ ದೆ. ನಾವು ಮಾತಾಡುವಾಗ ಕ್ರಿಯಾಪದ ಕೊನೆಗೆ ಬರುತ್ತದೆ ನಿಜ, ಆದರೆ ಬಾಯಿ ತೆರೆಯುವ ಮೊದಲೇ ಅದು ನಮ್ಮ ತಲೆಯಲ್ಲಿ ಇರುತ್ತದೆ, ಅಲ್ಲಿಂದಲೇ ಹಿಡಿದುಕೊಳ್ಳಿ.

'ಕೂರುವುದೂ ಕೆಲಸ ತಾನೇ, ಮತ್ತೆ ಇಸು ನಿ ಸುವರಿಮಸ್ ಯಾಕೆ?' ಅಂತ ಕ್ಲಾಸಲ್ಲಿ ಕೇಳಿದಿರಿ, ಅವತ್ತು ಸಮಯ ಸಾಲಲಿಲ್ಲ. ಕುರ್ಚಿ ಅಲ್ಲಿ ಕೆಲಸ ನಡೆಯುವ ಸ್ಥಳವಲ್ಲ, ಮೈ ಹೋಗಿ ಸೇರುವ ಜಾಗ. ನಿ ಅನ್ನುವುದು ನಮ್ಮ 'ಗೆ' ಕೂಡ ಹೌದು ಅನ್ನುವುದು ನೆನಪಿರಲಿ, 'ಶಾಲೆಗೆ ಹೋಗುತ್ತೇನೆ' ಅಂದರೆ 'ಗಕ್ಕೋ ನಿ ಇಕಿಮಸ್'. ಬಸ್ ಹತ್ತುವುದೂ ಹಾಗೇ, 'ಬಸು ನಿ ನೊರಿಮಸ್'. ಆದರೆ ಬಸ್ಸಲ್ಲಿ ಹೋಗುವುದು 'ಬಸು ದೆ ಇಕಿಮಸ್', ಯಾಕೆಂದರೆ ಅಲ್ಲಿ ಬಸ್ಸು ಸಾಧನ.

ಸಾಧನದಲ್ಲಿ ಇನ್ನೊಂದು ತಪ್ಪು. 'ಪೆನ್ನಿಂದ ಬರೆಯುತ್ತೇನೆ' ಅನ್ನಲು ಮೂವರು 'ಪೆನ್ ಕರ ಕಕಿಮಸ್' ಬರೆದಿದ್ದೀರಿ. 'ಇಂದ' ಅಂದರೆ ಕರ ಅಂತ ಕಲಿತಿದ್ದೀರಲ್ಲ, ಅದಕ್ಕೇ. ಮೈಸೂರಿಂದ ಬಂದೆ ಅನ್ನುವ 'ಇಂದ' ಕರ, ಪೆನ್ನಿಂದ ಬರೆದೆ ಅನ್ನುವ 'ಇಂದ' ದೆ. 'ಪೆನ್ ದೆ ಕಕಿಮಸ್'.

ಕೊನೆಯದಾಗಿ, ಅರಿಮಸ್ ಕಂಡ ಕೂಡಲೇ ನಿ ಅಂತ ಕಣ್ಣುಮುಚ್ಚಿ ಹಾಕಬೇಡಿ. 'ನಾಳೆ ಶಾಲೆಯಲ್ಲಿ ಪರೀಕ್ಷೆ ಇದೆ' ಅನ್ನುವುದು 'ಅಶಿತ ಗಕ್ಕೋ ದೆ ಶಿಕೆನ್ ಗ ಅರಿಮಸ್'. ಪರೀಕ್ಷೆ ಶಾಲೆಯ ಮೂಲೆಯಲ್ಲಿ ಇಟ್ಟಿರುವ ವಸ್ತುವಲ್ಲ, ಅಲ್ಲಿ ನಡೆಯುವಂಥದ್ದು. 'ಇದೆ' ತೆಗೆದು 'ನಡೆಯುತ್ತದೆ' ಹಾಕಿ ನೋಡಿ. ಅರ್ಥ ಕೂಡಿದರೆ ದೆ, ಕೂಡದಿದ್ದರೆ ನಿ. ಶಾಲೆಯಲ್ಲಿ ಪುಸ್ತಕ ನಡೆಯುತ್ತದೆ ಅನ್ನಲಾಗದು, ಅದಕ್ಕೇ ಪುಸ್ತಕಕ್ಕೆ ನಿ.

ಮುಂದಿನ ಶನಿವಾರ ಬರುವಾಗ ಇವನ್ನು ಬರೆದು ತನ್ನಿ, ಪ್ರತಿ ವಾಕ್ಯದ ಪಕ್ಕ ನಿ ಅಥವಾ ದೆ ಯಾಕೆ ಹಾಕಿದಿರಿ ಅಂತ ಒಂದು ಸಾಲು ಕನ್ನಡದಲ್ಲಿ ಇರಲಿ:

ಅಡುಗೆಮನೆಯಲ್ಲಿ ಬೆಕ್ಕು ಇಲ್ಲ.
ಅಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾರೆ.
ಮರದ ಕೆಳಗೆ ಯಾರಿದ್ದಾರೆ?
ಪೆಟ್ಟಿಗೆಯ ಒಳಗೆ ಏನೂ ಇಲ್ಲ.
ನಾಳೆ ನಮ್ಮ ಊರಲ್ಲಿ ಜಾತ್ರೆ ಇದೆ. (ಜಾತ್ರೆಗೆ ಮತ್ಸುರಿ ಬಳಸಿ.)